ಬೆರಳೆತ್ತಿ ಹಿಡಿದವರ ದಣಿವು

ನುಡಿ ತಂತ್ರಾಂಶದಲ್ಲಿ ‘ವ್ಯಾಖ್ಯಾನ’ ಎಂಬ ಪದ ಮೂಡಬೇಕಾದರೆ `vfyAKfyAn` ಎಂದು ಒತ್ತಬೇಕು. ಕಣ್ಣಿಗೆ ಕಾಣುವುದು 9 ಕೀಲಿ. ಆದರೆ ಎರಡು ದೀರ್ಘಕ್ಕೂ ಒಂದು ಮಹಾಪ್ರಾಣಕ್ಕೂ ಶಿಫ್ಟ್ ಬೇಕು, ಹಾಗಾಗಿ ಒಟ್ಟು 12 ಒತ್ತು. ಕ್ರಮಬದ್ಧವಾಗಿ ಟೈಪಿಂಗ್ ಕಲಿತವರ ಕೈಯಲ್ಲಿ ಇವು ಹಂಚಿಹೋಗುವ ರೀತಿ ನೋಡಿ: ತೋರುಬೆರಳುಗಳಿಗೆ 6, ಕಿರುಬೆರಳುಗಳಿಗೆ 5, ನಡುಬೆರಳಿಗೆ ಒಂದೇ ಒಂದು. ಉಂಗುರಬೆರಳಿಗೆ ರಜೆ. ನುಡಿಯ ಹಿಂದಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಂದದ್ದರಿಂದಲೇ ನಮ್ಮಂಥವರು ಕನ್ನಡದಲ್ಲಿ ಇಷ್ಟು ವೇಗವಾಗಿ ಟೈಪ್ ಮಾಡುತ್ತಿದ್ದೇವೆ, ಅದರ ಮೇಲೆ ನನಗೆ ದೂರಿಲ್ಲ. ದೀರ್ಘ, ಮಹಾಪ್ರಾಣಗಳಿಂದ ಕಿಕ್ಕಿರಿದ ಭಾಷೆಯ ಸುಂಕವನ್ನು ಯಾವುದೋ ಒಂದು ಬೆರಳು ಕಟ್ಟಲೇಬೇಕು. ಕೈಯಲ್ಲೇ ಬಡಪಾಯಿಯಾದ ಕಿರುಬೆರಳು ಕಟ್ಟುತ್ತಿದೆ, ಅಷ್ಟೆ.

ಆದರೆ ಸಂಜೆ ನೋಯುವುದು ಕಿರುಬೆರಳಲ್ಲ. ಮೊಣಕೈಯ ಹೊರಬದಿಯಿಂದ ನಾಲ್ಕು ಬೆರಳು ಕೆಳಗೆ, ಮುಂಗೈಯ ಮೇಲ್ಭಾಗದಲ್ಲಿ ಒಂದು ಬಗೆಯ ಜಡವಾದ ಸೆಳೆತ. ಇದೇನು, ದುಡಿದದ್ದು ಒಬ್ಬರು, ನರಳುವವರು ಇನ್ನೊಬ್ಬರೇ ಎಂದು ಅನ್ನಿಸಬಹುದು. ಬಲಗೈಯನ್ನು ಎಡ ಮುಂಗೈಯ ಮೇಲಿಟ್ಟು ಎಡಗೈ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಚರ್ಮದ ಕೆಳಗೆ ಮಿಸುಕಾಟ ತಿಳಿಯುತ್ತದೆ. ಬೆರಳನ್ನು ಮಡಿಸುವ, ಎತ್ತುವ ದೊಡ್ಡ ಸ್ನಾಯುಗಳು ಇರುವುದು ಬೆರಳಿನಲ್ಲಲ್ಲ, ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಗೆ ಹೋಗುತ್ತವೆ. ಮಡಿಸುವ ಸ್ನಾಯುಗಳು ಅಂಗೈ ಕಡೆ, ಎತ್ತುವ ಸ್ನಾಯುಗಳು ಹಿಂಬದಿ.

ಈ ಎರಡು ಗುಂಪುಗಳಲ್ಲಿ ಹೆಚ್ಚು ದಣಿಯುವುದು ಕೀಲಿ ಒತ್ತುವ ಗುಂಪಲ್ಲ, ಬೆರಳುಗಳನ್ನು ಎತ್ತಿ ಹಿಡಿಯುವ ಗುಂಪು. ಒತ್ತುವ ಸ್ನಾಯು ಒತ್ತಿ ಬಿಡುತ್ತದೆ, ನಡುವೆ ಒಂದು ಕ್ಷಣ ಉಸಿರಾಡುತ್ತದೆ. ಎತ್ತಿ ಹಿಡಿಯುವ ಸ್ನಾಯುವಿಗೆ ಆ ಬಿಡುವಿಲ್ಲ. ವಾಕ್ಯ ಹೊಳೆಯದೆ ಕಿಟಕಿಯಾಚೆ ನೋಡುತ್ತ ಕುಳಿತಾಗಲೂ ಬೆರಳುಗಳು ಕೀಲಿಗಳ ಮೇಲೆ ತೂಗುತ್ತಲೇ ಇರುತ್ತವೆ. ಚಾಚಿದ ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತ ಹಾಗೆ. ಭಾರ ಏನೂ ಇಲ್ಲ, ಇಳಿಸುವ ಹಾಗೂ ಇಲ್ಲ.

ಹೀಗಾಗಿ ನನ್ನ ಮಟ್ಟಿಗೆ ಮೊದಲ ವ್ಯಾಯಾಮ ಎಂದರೆ ಕೈಯನ್ನು ತೊಡೆಯ ಮೇಲೆ ಹಾಕುವುದು. ಅಂಗೈ ಮೇಲ್ಮುಖ, ಬೆರಳುಗಳು ತಾವಾಗಿ ಎಷ್ಟು ಮಡಿಚಿಕೊಳ್ಳುತ್ತವೋ ಅಷ್ಟು, ಭುಜ ಕೆಳಗೆ, ಅರ್ಧ ನಿಮಿಷ. ಗಡಿಯಾರ ನೋಡಿ ಮಾಡಲು ಹೋದರೆ ಮರೆತುಹೋಗುತ್ತದೆ, ಹಾಗಾಗಿ ಹಸ್ತಪ್ರತಿಯ ಪುಟ ತಿರುವಿದಾಗಲೆಲ್ಲ ಮಾಡುತ್ತೇನೆ. ಈ ಅರ್ಧ ನಿಮಿಷದಲ್ಲಿ ಮೊಬೈಲ್ ಎತ್ತಿಕೊಂಡರೆ ಅದು ವಿರಾಮವೇ ಅಲ್ಲ, ಕೀಲಿಮಣೆಯಿಂದ ಹೆಬ್ಬೆರಳಿಗೆ ಪಾಳಿ ಬದಲಾಯಿತು ಅಷ್ಟೆ.

ಇದಲ್ಲದೆ ಗಂಟೆಗೊಮ್ಮೆ ಐದು ನಿಮಿಷ ಎದ್ದೇಳಬೇಕು. ಅಮೆರಿಕದ ತೆರಿಗೆ ಇಲಾಖೆಯ ಡೇಟಾ ಎಂಟ್ರಿ ನೌಕರರ ಮೇಲೆ ನಡೆದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಅವರಿಗೆ ಮೊದಲೇ ಇದ್ದ ಎರಡು ಹದಿನೈದು ನಿಮಿಷಗಳ ಬಿಡುವಿನ ಜೊತೆಗೆ, ಬಿಡುವಿಲ್ಲದ ಪ್ರತಿ ಗಂಟೆಯಲ್ಲೂ 5 ನಿಮಿಷ, ದಿನಕ್ಕೆ ಒಟ್ಟು 20 ನಿಮಿಷ ಹೆಚ್ಚುವರಿ ಕೊಟ್ಟರು. ನೋವು, ಕಣ್ಣುರಿ ಕಡಿಮೆಯಾದವು. ಕೆಲಸ ಮಾತ್ರ ಕಡಿಮೆಯಾಗಲಿಲ್ಲ. 2007ರಲ್ಲಿ ಅದೇ ತಂಡ ಇನ್ನೊಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿ ಕೆಲವರಿಗೆ ಬಿಡುವಿನ ಜೊತೆ ಸ್ನಾಯು ಹಿಗ್ಗಿಸುವ ವ್ಯಾಯಾಮವನ್ನೂ ಹೇಳಿಕೊಟ್ಟಿದ್ದರು. ಬಿಡುವಿನಿಂದ ಮತ್ತೆ ಗುಣ ಕಂಡಿತು. ವ್ಯಾಯಾಮದ ಪಾಲು ಎಷ್ಟು ಎಂಬುದು ಬಗೆಹರಿಯಲಿಲ್ಲ, ಏಕೆಂದರೆ ಹೇಳಿಕೊಟ್ಟದ್ದನ್ನು ಬಹುಪಾಲು ಬಿಡುವುಗಳಲ್ಲಿ ಅವರು ಮಾಡಲೇ ಇಲ್ಲ! ಇದನ್ನು ಓದಿ ನನಗೆ ಆ ನೌಕರರ ಮೇಲೆ ವಿಶೇಷ ಆತ್ಮೀಯತೆ ಹುಟ್ಟಿತು.

ಹಾಗೆಂದು ಹಿಗ್ಗಿಸುವುದು ವ್ಯರ್ಥ ಎನ್ನಲಾರೆ. ದಿನದ ಕೊನೆಗೆ ಬಿಗಿದ ಮುಂಗೈ ಸಡಿಲವಾಗುವ ಸುಖ ಅದರಲ್ಲಿದೆ, ಆದರೆ ಮಾಡುವ ರೀತಿ ಸರಿ ಇರಬೇಕು. ಹೆಚ್ಚಿನವರು ಮೊಣಕೈ ಮಡಿಸಿಕೊಂಡೇ ಮಣಿಕಟ್ಟನ್ನು ಅತ್ತಿತ್ತ ಬಗ್ಗಿಸಿ ಮುಗಿಸುತ್ತಾರೆ. ಈ ಸ್ನಾಯುಗಳಲ್ಲಿ ಹಲವು ಮೊಣಕೈಯ ಮೇಲಿನ ಮೂಳೆಯಿಂದ ಹೊರಡುವುದರಿಂದ, ಮೊಣಕೈ ಮಡಿಚಿದರೆ ಆ ತುದಿಯಲ್ಲಿ ಸಡಿಲ ಸಿಕ್ಕಿ ಎಳೆತ ಪೂರ್ತಿ ಮುಟ್ಟುವುದಿಲ್ಲ. ಕೈಯನ್ನು ಮುಂದಕ್ಕೆ ನೇರ ಚಾಚಿ, ಅಂಗೈ ನೆಲದ ಕಡೆ ಮಾಡಿ, ಇನ್ನೊಂದು ಕೈಯಿಂದ ಹಸ್ತವನ್ನು ಕೆಳಕ್ಕೆ ಬಗ್ಗಿಸಿ. ಮುಂಗೈಯ ಮೇಲೆ ಎಳೆತ ಕಾಣಬೇಕು. ಈಗ ಆ ಬೆರಳುಗಳನ್ನು ಮೆಲ್ಲನೆ ಮುಷ್ಟಿ ಮಾಡಿದರೆ ಎಳೆತ ಇನ್ನಷ್ಟಾಗುತ್ತದೆ, ಬೆರಳೆತ್ತುವ ಸ್ನಾಯುಗಳಿಗೆ ಬೇಕಾದದ್ದು ಅದೇ. 20 ಸೆಕೆಂಡು ಹಿಡಿದು ಬಿಡಿ, ಎರಡು ಮೂರು ಸಲ ಸಾಕು. ಆಮೇಲೆ ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಬೆರಳುಗಳನ್ನು ನೆಲದ ಕಡೆ, ಮೈಯತ್ತ ಎಳೆದರೆ ಒಳಬದಿಗೂ ಆಯಿತು. ಜಗ್ಗಾಡಬೇಡಿ. ಎಳೆತ ಹಿತವಾಗಿರಬೇಕು; ಚುಳ್ಳೆಂದರೆ, ಬೆರಳಿನಲ್ಲಿ ಇರುವೆ ಹರಿದಂತಾದರೆ ಬಿಟ್ಟುಬಿಡಿ. ಅದು ಸ್ನಾಯು ಹಿಗ್ಗುತ್ತಿರುವುದಲ್ಲ, ನರ ಬೇಡವೆನ್ನುತ್ತಿರುವುದು.

ಚಾಮರಾಜಪೇಟೆಯಲ್ಲಿ ನಾನು ಹೋಗಿಬರುವ ಡಿಟಿಪಿ ಅಂಗಡಿಯ ಅಕ್ಕನಿಗೆ ಎಡ ಮೊಣಕೈ ನೋವು ಹಿಡಿದಿತ್ತು. ವ್ಯಾಯಾಮ ಮಾಡುತ್ತಿದ್ದರು, ಮುಲಾಮು ಹಚ್ಚುತ್ತಿದ್ದರು, ನೋವು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಒಂದು ದಿನ ಪಕ್ಕದಲ್ಲಿ ಕುಳಿತು ಅವರ ಕೈ ನೋಡಿದೆ. ಎಲ್ಲ ಶಿಫ್ಟನ್ನೂ ಅವರು ಎಡಗಡೆಯದರಿಂದಲೇ ಒತ್ತುತ್ತಿದ್ದರು. ದೀರ್ಘ ಬಂದಾಗಲೆಲ್ಲ ಎಡ ಕಿರುಬೆರಳು ಶಿಫ್ಟಿನ ಮೇಲೆ, ಉಂಗುರಬೆರಳು `A` ಮೇಲೆ, ಮಣಿಕಟ್ಟು ಹೊರಕ್ಕೆ ತಿರುಚಿಕೊಂಡು. ಸಾಲದ್ದಕ್ಕೆ ಕೀಲಿಮಣೆಯ ಹಿಂದಿನ ಪುಟ್ಟ ಕಾಲುಗಳನ್ನು ಬಿಡಿಸಿಟ್ಟಿದ್ದರಿಂದ ಮಣಿಕಟ್ಟು ಮೇಲಕ್ಕೂ ಬಾಗಿತ್ತು.

“ಅಕ್ಕಾ, ಆ ಕಾಲು ಮಡಿಸಿಬಿಡಿ. ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟ್ ಒತ್ತಿ.”

“ಈ ವಯಸ್ಸಲ್ಲಿ ಮತ್ತೆ ಟೈಪಿಂಗ್ ಕಲೀಬೇಕಾ ಸಾರ್?” ಎಂದು ನಕ್ಕರು. ಮೊದಲ ವಾರ ವೇಗ ಕುಸಿದು ಬೈದುಕೊಂಡರು. ಮೂರನೇ ವಾರದ ಹೊತ್ತಿಗೆ ನೋವು ಅರ್ಧ ಇಳಿದಿತ್ತು, ಅರ್ಧ ಉಳಿದಿತ್ತು. ಉಳಿದ ಅರ್ಧದ ಗುಟ್ಟು ಮಾತಿನ ನಡುವೆ ಹೊರಬಿತ್ತು. ಮನೆಗೆ ಹೋದವರೇ ಒದ್ದೆ ಬಟ್ಟೆ ಹಿಂಡುತ್ತಿದ್ದರು. ಹಿಂಡುವಾಗ ಮಣಿಕಟ್ಟನ್ನು ಬಿಗಿಹಿಡಿದು ತಿರುಚುವುದೂ ಅದೇ ಸ್ನಾಯುಗಳೇ. ದೇಹಕ್ಕೆ ಆಫೀಸು ಬೇರೆ, ಮನೆ ಬೇರೆ ಎಂಬ ಲೆಕ್ಕ ಗೊತ್ತಿಲ್ಲ. ಬಟ್ಟೆ ಹಿಂಡುವುದು ಮಗನ ಪಾಲಿಗೆ ಹೋಯಿತು. ಈ ಚಿಕಿತ್ಸೆಯನ್ನು ಯಾವ ವ್ಯಾಯಾಮದ ಪಟದಲ್ಲೂ ನಾನು ಕಂಡಿಲ್ಲ.

ಅವರದು ದುಡಿದ ಸ್ನಾಯುವಿನ ನೋವು, ಬಿಡುವು ಸಿಕ್ಕಾಗ ಇಳಿಯುವಂಥದ್ದು. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುತ್ತದೆ ಎನ್ನುವವರ ಕಥೆ ಬೇರೆ. ಅವರಲ್ಲಿ ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಅದುಮಿಹೋಗುತ್ತಿರುವ ಸಾಧ್ಯತೆ ಹೆಚ್ಚು. ಜೋಮು ಕಿರುಬೆರಳ ಕಡೆಗಿದ್ದರೆ ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕೂರುತ್ತೀರಾ ಎಂದು ನೋಡಿಕೊಳ್ಳಬೇಕು. ಲೋಟ ಜಾರತೊಡಗಿದರೆ, ಅಂಗಿಯ ಗುಂಡಿ ಹಾಕಲು ತಡಕಾಡುವಂತಾದರೆ, ಮುಂದಿನ ಪುಟ ಮುಗಿಯುವವರೆಗೂ ಕಾಯದೆ ವೈದ್ಯರ ಬಳಿ ಹೋಗಬೇಕು. ಪ್ರಕಾಶಕರು ಕಾಯುತ್ತಾರೆ, ನಮಗೆ ಸಂಭಾವನೆ ಕೊಡುವಾಗ ಅವರು ತೋರುವ ನಿಧಾನ ಇಲ್ಲಿಯೂ ಒಮ್ಮೆ ಉಪಯೋಗಕ್ಕೆ ಬರಲಿ.