ಬರಿದಾದ ಕನ್ನಡಿಯನ್ನು ಯಾರು ಹುಡುಕುತ್ತಾರೆ?

ಗೆಳತಿಯ ವಿಡಿಯೊ ಪ್ರಬಂಧದ ಹೆಸರು ‘ಬರಿದಾದ ಕನ್ನಡಿ’. ಇಪ್ಪತ್ತೆರಡು ನಿಮಿಷದ್ದು, ಕನ್ನಡದಲ್ಲಿ. ಮೈಲಾಪೂರಿನ ಕಪಾಲೀಶ್ವರ ದೇವಸ್ಥಾನದ ಪಶ್ಚಿಮಕ್ಕಿರುವ ದೊಡ್ಡ ಕಲ್ಯಾಣಿಯ ಸುತ್ತ ಒಂದು ವರ್ಷ ಓಡಾಡಿ ಚಿತ್ರೀಕರಿಸಿದ್ದು. ನೀರು ತುಂಬಿದಾಗ ಗೋಪುರದ ನೆರಳನ್ನು ಹಿಡಿದಿಡುವ ಆ ಚೌಕ, ಬರದ ವರ್ಷ ತಳ ಕಾಣಿಸಿದಾಗ ಊರಿನ ಮರೆವನ್ನು ತೋರಿಸುತ್ತದೆ ಎನ್ನುವುದು ಅವಳ ವಾದ. ನೋಡಿ ಮುಗಿಸಿದವರಿಗೆ ಈ ಹೆಸರು ಎಷ್ಟು ಸರಿಯಾಗಿದೆ ಎನ್ನಿಸುತ್ತದೆ. ನೋಡದವರಿಗೆ ಅದು ಏನನ್ನೂ ಹೇಳುವುದಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಈ ವಿಡಿಯೊ ಜನರಿಗೆ ತಲುಪಿದರೆ ಚೆನ್ನೈಯ ನೀರಿನ ಬಗ್ಗೆ ಇನ್ನೂ ಮೂರು ಮಾಡಬೇಕು, ಇಲ್ಲವಾದರೆ ಕ್ಯಾಮೆರಾ ಮಾರಿ ಪುತ್ತೂರಿಗೆ ವಾಪಸ್ ಹೋಗಬೇಕು ಎಂದು ಅವಳು ನಿರ್ಧರಿಸಿದ್ದಳು. ಉಪಶೀರ್ಷಿಕೆ ಬರೆದವಳು ನಾನಾದ್ದರಿಂದ ಮಾತಿನ ಪೂರ್ಣ ಪಠ್ಯ ನನ್ನಲ್ಲಿತ್ತು. ‘ಇದಕ್ಕೆ ಜನ ಹುಡುಕುವಂಥ ನಾಲ್ಕು ಮಾತು ಹುಡುಕಿ ಕೊಡು ಮಾರಾಯ್ತಿ, ಆದರೆ ನನ್ನ ಹೆಸರನ್ನು ಕೊಲ್ಲಬೇಡ’ ಎಂದಳು. ಅನುವಾದಕರಿಗೆ ಇಂಥ ಕೆಲಸ ತೀರಾ ಅಪರಿಚಿತವೇನಲ್ಲ. ಒಂದೇ ವಿಷಯಕ್ಕೆ ಬರೆದವರ ಬಾಯಲ್ಲಿ ಒಂದು ಪದ ಇರುತ್ತದೆ, ಓದುವವರ ಬಾಯಲ್ಲಿ ಇನ್ನೊಂದು. ಇಲ್ಲಿ ಎರಡೂ ಕನ್ನಡವೇ ಆಗಿದ್ದವು, ಅಷ್ಟೇ.

ಮೊದಲು ಪಠ್ಯವನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಕೂತೆ. ‘ನೆನಪು’, ‘ಗೈರು’, ‘ನಗರದ ಅಂತರಂಗ’ ಇಂಥವನ್ನೆಲ್ಲ ಬಿಟ್ಟು, ಬೆರಳಿಟ್ಟು ತೋರಿಸಬಹುದಾದ ನಾಮಪದಗಳಿಗೆ ಮಾತ್ರ ಗೆರೆ ಎಳೆದೆ: ಊರು, ಕಟ್ಟಡ, ಹಬ್ಬ, ಕಾಯ್ದೆ, ವರ್ಷ. ಆಶ್ಚರ್ಯವಾದದ್ದು ಇಲ್ಲಿಯೇ. ಇಡೀ ಪಠ್ಯದಲ್ಲಿ ‘ಕಲ್ಯಾಣಿ’ ಎಂಬ ಪದ ಒಮ್ಮೆಯೂ ಇರಲಿಲ್ಲ. ಅವಳು ಅದನ್ನು ‘ನೀರ ಚೌಕ’ ಎಂದಿದ್ದಳು, ‘ಆಕಾಶದ ಬಟ್ಟಲು’ ಎಂದಿದ್ದಳು, ಎರಡು ಕಡೆ ಬರೇ ‘ಅದು’ ಎಂದಿದ್ದಳು. ಅಮೂರ್ತ ಪ್ರಬಂಧಗಳಲ್ಲಿ ಹೀಗಾಗುವುದು ಸಾಮಾನ್ಯ. ದೃಶ್ಯ ಕಣ್ಣ ಮುಂದೆಯೇ ಇರುವಾಗ ವಸ್ತುವಿನ ಹೆಸರು ಹೇಳುವುದು ಬರಹಗಾರರಿಗೆ ಸಪ್ಪೆ ಎನ್ನಿಸುತ್ತದೆ. ಹುಡುಕುವ ಯಂತ್ರ ಮುಖ್ಯವಾಗಿ ಓದುವುದು ಶೀರ್ಷಿಕೆ, ವಿವರಣೆಯಂಥ ಬರಹವನ್ನು. ಆ ಬರಹದಲ್ಲಿ ಇಲ್ಲದ ವಸ್ತು ಅದರ ಮಟ್ಟಿಗೆ ವಿಡಿಯೊದಲ್ಲೂ ಇಲ್ಲದಂತೆಯೇ.

ಹಾಗಾದರೆ ಆ ವಸ್ತುವಿಗೆ ಜನ ಏನೆನ್ನುತ್ತಾರೆ? ಅವಳ ಊರಿನ ಕಡೆ ‘ದೇವಸ್ಥಾನದ ಕೆರೆ’ ಎನ್ನುತ್ತಾರೆ. ಹಳೇ ಮೈಸೂರಿನವಳಾದ ನನಗೆ ಅದು ಕಲ್ಯಾಣಿ. ಪುಸ್ತಕದಲ್ಲಿ ಪುಷ್ಕರಣಿ. ಇಲ್ಲಿನ ತಮಿಳರಿಗೆ ತೆಪ್ಪಕುಳಂ. ಇವುಗಳಲ್ಲಿ ಯಾವುದು ‘ಸರಿ’ ಎಂದು ವಾದ ಮಾಡುವುದು ಭಾಷಾಶಾಸ್ತ್ರದವರಿಗೆ ಬಲು ಪ್ರಿಯ, ಈ ಕೆಲಸಕ್ಕೆ ಮಾತ್ರ ಅದರಿಂದ ಏನೂ ಉಪಯೋಗವಿಲ್ಲ. ಜನ ಟೈಪ್ ಮಾಡುವುದನ್ನೇ ನೋಡಬೇಕು.

ಅದಕ್ಕೊಂದು ಸುಲಭದ ದಾರಿ ಇದೆ. ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು, ಖಾತೆಗೆ ಲಾಗಿನ್ ಆಗದೆ, ಯೂಟ್ಯೂಬಿನ ಹುಡುಕು ಪಟ್ಟಿಯಲ್ಲಿ ಒಂದು ನಾಮಪದ ಬರೆದು ನಿಲ್ಲಿಸುವುದು. ಕೆಳಗೆ ಇಳಿಯುವ ಸಲಹೆಗಳು ಹೆಚ್ಚಾಗಿ ಬೇರೆಯವರು ಹುಡುಕಿದ ಮಾತುಗಳಿಂದ ಬಂದವು. ಆಮೇಲೆ ಒಂದು ಖಾಲಿ ಜಾಗ ಬಿಟ್ಟು, ಒಂದೊಂದೇ ಅಕ್ಷರ ಸೇರಿಸುತ್ತ ಸಲಹೆಗಳು ಹೇಗೆ ಬದಲಾಗುತ್ತವೆ ಎಂದು ಬರೆದುಕೊಳ್ಳುವುದು. ನಿಮ್ಮದೇ ಖಾತೆಯಲ್ಲಿ ಮಾಡಿದರೆ ನೀವು ಹಿಂದೆ ಹುಡುಕಿದ್ದೇ ಮತ್ತೆ ಎದುರು ಬರುತ್ತದೆ, ಅದನ್ನೇ ಊರಿನ ಬಯಕೆ ಎಂದುಕೊಳ್ಳುವ ಅಪಾಯವಿದೆ. ಇದನ್ನು ಎರಡು ಲಿಪಿಯಲ್ಲೂ ಮಾಡಬೇಕು. ಕನ್ನಡ ವಿಡಿಯೊ ಬಯಸುವ ಎಷ್ಟೋ ಮಂದಿ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಇಂಥವೂ ಇದ್ದವು:

```
mylapore kalyani
kapaleeshwarar temple kannada
chennai water problem kannada
```

ಸಲಹೆಗಳು ಒಂದು ಮಾತನ್ನು ಎಷ್ಟು ಜನ ಹುಡುಕುತ್ತಾರೆ ಎಂದು ಹೇಳುವುದಿಲ್ಲ. ಗೂಗಲ್ ಟ್ರೆಂಡ್ಸಿನಲ್ಲಿ ಯೂಟ್ಯೂಬ್ ಹುಡುಕಾಟವನ್ನು ಮಾತ್ರ ಆರಿಸಿಕೊಂಡು ಎರಡು ಮಾತುಗಳನ್ನು ಹೋಲಿಸಬಹುದು. ಆದರೆ ಅದು ಕೊಡುವುದು 0ರಿಂದ 100ರ ನಡುವಿನ ಸಾಪೇಕ್ಷ ಅಂಕ, ಜನರ ಲೆಕ್ಕವಲ್ಲ. ಕನ್ನಡದ ಸಣ್ಣ ವಿಷಯಗಳಿಗಂತೂ ಸಾಕಷ್ಟು ಮಾಹಿತಿ ಇಲ್ಲ ಎಂದುಬಿಡುತ್ತದೆ. ಯಾರೂ ಹುಡುಕುವುದಿಲ್ಲ ಎಂದು ಅದರ ಅರ್ಥವಲ್ಲ, ಗ್ರಾಫ್ ಬಿಡಿಸುವಷ್ಟು ಮಂದಿ ಇಲ್ಲ ಎಂದಷ್ಟೇ.

ಎರಡು ಸಂಜೆ ಕೂತಾಗ ನಲವತ್ತರಷ್ಟು ಮಾತುಗಳು ಸಿಕ್ಕವು. ಕಷ್ಟದ ಭಾಗ ಶುರುವಾದದ್ದು ಆಗ. ಕಪಾಲೀಶ್ವರ ಎಂದು ಬರೆದವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ದರ್ಶನದ ಸಮಯ, ರೈಲ್ವೆ ಸ್ಟೇಷನ್ನಿನಿಂದ ದಾರಿ, ಸ್ಥಳಪುರಾಣ. ಗೆಳತಿಗೆ ಅದು ನೋಡಿ ಆಸೆಯಾಯಿತು. ‘ದರ್ಶನ ಸಮಯ’ ಎಂದು ವಿವರಣೆಯಲ್ಲಿ ಒಂದು ಸಾಲು ಹಾಕಿಬಿಡೋಣ, ಬಂದವರು ಹೇಗೂ ನೋಡುತ್ತಾರೆ ಎಂದಳು. ನಾನು ಒಪ್ಪಲಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಇಲ್ಲಿಳಿಯುವ ಒಂದು ಕುಟುಂಬಕ್ಕೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ತಿಳಿಯಬೇಕು. ಅವರಿಗೆ ಒಣಗಿದ ಮೆಟ್ಟಿಲುಗಳನ್ನು ಒಂದೂವರೆ ನಿಮಿಷ ಮೌನವಾಗಿ ತೋರಿಸಿದರೆ ಅರ್ಧ ನಿಮಿಷದೊಳಗೆ ಹಿಂತಿರುಗುತ್ತಾರೆ. ವೀಕ್ಷಣೆಯ ಸಂಖ್ಯೆ ಏರುತ್ತದೆ, ಸರಾಸರಿ ವೀಕ್ಷಣಾ ಅವಧಿ ಕುಸಿಯುತ್ತದೆ. ಬಂದವರು ನಿಲ್ಲುತ್ತಿಲ್ಲ ಎನ್ನುವುದನ್ನು ಯೂಟ್ಯೂಬೂ ಗಮನಿಸುತ್ತದೆ, ಮುಂದೆ ಇನ್ನೊಬ್ಬರಿಗೆ ತೋರಿಸಲು ಹಿಂಜರಿಯುತ್ತದೆ.

ಅದಕ್ಕೇ ಒಂದು ನಿಯಮ ಮಾಡಿಕೊಂಡೆವು. ಪ್ರತಿ ಮಾತನ್ನೂ ಒಂದು ಪ್ರಶ್ನೆಯಾಗಿ ಬರೆಯುವುದು, ಉತ್ತರ ವಿಡಿಯೊದ ಎಷ್ಟನೇ ನಿಮಿಷದಲ್ಲಿದೆ ಎಂದು ಪಕ್ಕದಲ್ಲಿ ಗುರುತಿಸುವುದು. ನಿಮಿಷ ತೋರಿಸಲಾಗದಿದ್ದರೆ ಆ ಮಾತನ್ನು ಹೊಡೆದುಹಾಕುವುದು. ‘ಮೈಲಾಪೂರ್ ಕಲ್ಯಾಣಿ ಒಣಗುವುದೇಕೆ’: ಮೊದಲ ಮೂರು ನಿಮಿಷ. ‘ತೈಪೂಸಂ ತೆಪ್ಪೋತ್ಸವ’: ಇತ್ತು, ತೈ ಮಾಸದಲ್ಲಿ ಮೂರು ರಾತ್ರಿ ನಡೆಯುವ ಉತ್ಸವದ ದೀರ್ಘ ದೃಶ್ಯವಿದೆ. ‘ತಮಿಳುನಾಡು ಮಳೆನೀರು ಸಂಗ್ರಹ ಕಾಯ್ದೆ’: ಇತ್ತು, 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಇಂಗಿಸುವುದು ಕಡ್ಡಾಯವಾದದ್ದನ್ನು ಆರು ನಿಮಿಷ ವಿವರಿಸುತ್ತಾಳೆ. ‘ಚೆನ್ನೈ ನೀರಿನ ಬರ 2019’: ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬರಿದಾಗುತ್ತ ಬಂದ ಆ ಬೇಸಿಗೆ ಕೊನೆಯ ಭಾಗದಲ್ಲಿದೆ. ನಲವತ್ತು ಮಾತು ಏಳಕ್ಕೆ ಇಳಿದವು. ದರ್ಶನ ಸಮಯಕ್ಕೆ ನಿಮಿಷ ಸಿಗಲಿಲ್ಲ, ಅದನ್ನು ಅವಳೇ ಹೊಡೆದುಹಾಕಿದಳು.

ಇನ್ನು ರೂಪದ ಪ್ರಶ್ನೆ. ಬರೆಯುವಾಗ ನಾವು ‘ಮೈಲಾಪೂರಿನ ಕಲ್ಯಾಣಿಯಲ್ಲಿ ನೀರಿಲ್ಲ’ ಎನ್ನುತ್ತೇವೆ. ಹುಡುಕುವವರು ವಿಭಕ್ತಿ ಬಿಟ್ಟು ಬರೇ ಪದಗಳನ್ನು ಪಕ್ಕಪಕ್ಕ ಇಡುತ್ತಾರೆ: ‘ಮೈಲಾಪೂರ್ ಕಲ್ಯಾಣಿ ನೀರು’. ಯಂತ್ರ ಇಂಗ್ಲಿಷಿನ ಬಹುವಚನವನ್ನು ಬಿಡಿಸಿಕೊಂಡಷ್ಟು ಸಲೀಸಾಗಿ ‘ಕಲ್ಯಾಣಿಯಲ್ಲಿ’ ಎಂಬುದರೊಳಗಿನ ‘ಕಲ್ಯಾಣಿ’ಯನ್ನು ಬಿಡಿಸಿಕೊಳ್ಳುತ್ತದೆ ಎಂದು ನಂಬಿ ಕೂರಲಾಗದು. ಜೊತೆಗೆ ‘ಮೈಲಾಪೂರ್‌ನ’ ಎಂದು ಬರೆದರೆ ‘ರ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದನ್ನು ಹಾಕದೆ ಟೈಪ್ ಮಾಡಿದರೆ ಬೇರೆಯದೇ ಅಕ್ಷರಸಾಲು ಆಗುತ್ತದೆ. ಆದ್ದರಿಂದ ಶೀರ್ಷಿಕೆಯಲ್ಲಿ ಮುಖ್ಯ ನಾಮಪದಗಳು ಪ್ರತ್ಯಯವಿಲ್ಲದೆ ನಿಲ್ಲುವಂತೆ, ಆದರೂ ಓದಿದರೆ ಕನ್ನಡದ ವಾಕ್ಯವೇ ಆಗಿರುವಂತೆ ಕಟ್ಟಬೇಕು. ‘ಕಲ್ಯಾಣಿ ಒಣಗುವುದೇಕೆ’ ಎಂದರೆ ಕಲ್ಯಾಣಿ ತಾನಾಗಿಯೇ ಪ್ರಥಮಾ ವಿಭಕ್ತಿಯಲ್ಲಿ ನಿಂತುಬಿಡುತ್ತದೆ. ವ್ಯಾಕರಣ ಹೀಗೆ ಉಪಕಾರಕ್ಕೆ ಬಂದದ್ದು ಎಂ.ಎ. ಮುಗಿದ ಮೇಲೆ ಅಪರೂಪವೇ.

ಅಳತೆಯೂ ಇದೆ. ಶೀರ್ಷಿಕೆಗೆ 100 ಅಕ್ಷರಗಳ ಮಿತಿ, ಆದರೆ ಅಲ್ಲಿನ ಅಕ್ಷರವೆಂದರೆ ಯೂನಿಕೋಡ್ ಸಂಕೇತ. ‘ಕಪಾಲೀಶ್ವರ’ ನಮ್ಮ ಎಣಿಕೆಯಲ್ಲಿ ಐದಕ್ಷರ, ಅಲ್ಲಿ ಒಂಬತ್ತು. ಸ್ವರಚಿಹ್ನೆ, ವಿರಾಮ, ಒತ್ತು ಎಲ್ಲಕ್ಕೂ ಬೇರೆ ಲೆಕ್ಕ. ಫೋನಿನ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ ಹುಡುಕುವ ಮಾತು ಮುಂದೆ ಇರಬೇಕು, ಕವಿತೆ ಹಿಂದೆ. ಕೊನೆಗೆ ನಿಂತದ್ದು 60 ಸಂಕೇತಗಳ ಈ ಸಾಲು:

```
ಮೈಲಾಪೂರ್ ಕಲ್ಯಾಣಿ ಒಣಗುವುದೇಕೆ, ತುಂಬುವುದು ಹೇಗೆ? | ಬರಿದಾದ ಕನ್ನಡಿ
```

ಅವಳ ಹೆಸರು ಸಾಯಲಿಲ್ಲ, ಹಿಂದಿನ ಕುರ್ಚಿಗೆ ಸರಿಯಿತು. ವಿಡಿಯೊದ ಒಳಗೆ, ಮೊದಲ ಪರದೆಯ ಮೇಲೆ, ‘ಬರಿದಾದ ಕನ್ನಡಿ’ ಒಂದೇ ಇದೆ.

ಉಳಿದ ಆರು ಮಾತುಗಳನ್ನು ಶೀರ್ಷಿಕೆಗೆ ತುರುಕಲಿಲ್ಲ. ವಿವರಣೆಯ ಮೊದಲ ಎರಡು ಸಾಲಿನಲ್ಲಿ ಕಲ್ಯಾಣಿ, ಪುಷ್ಕರಣಿ, ದೇವಸ್ಥಾನದ ಕೆರೆ ಮೂರೂ ಸಹಜವಾಗಿ ಬರುವಂತೆ ಬರೆದೆವು. ಮಿಕ್ಕವು ಅಧ್ಯಾಯಗಳ ಹೆಸರಾದವು:

```
0:00 ಒಣಗಿದ ಕಲ್ಯಾಣಿ
3:40 ತೈಪೂಸಂ ತೆಪ್ಪೋತ್ಸವ
9:15 ಮಳೆನೀರು ಸಂಗ್ರಹ ಕಾಯ್ದೆ 2003
15:30 ಚೆನ್ನೈ ನೀರಿನ ಬರ 2019
```

ಅಧ್ಯಾಯಗಳು ಕಾಣಿಸಿಕೊಳ್ಳಬೇಕಾದರೆ ಮೊದಲನೆಯದು 0:00ಯಿಂದಲೇ ಶುರುವಾಗಬೇಕು, ಕನಿಷ್ಠ ಮೂರಿರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಚಿಕ್ಕದಿರಬಾರದು. ಟ್ಯಾಗುಗಳಲ್ಲಿ ಬೇರೆ ಬೇರೆ ಕಾಗುಣಿತಗಳನ್ನಷ್ಟೇ ಹಾಕಿದೆವು: ಮೈಲಾಪುರ, ಮಯಿಲಾಪುರ, ಮದ್ರಾಸ್. ತಪ್ಪು ಕಾಗುಣಿತಗಳನ್ನು ಬಿಟ್ಟರೆ ಟ್ಯಾಗಿನ ಪಾತ್ರ ಬಹಳ ಚಿಕ್ಕದೆಂದು ಯೂಟ್ಯೂಬೇ ಹೇಳುತ್ತದೆ. ತಮಿಳು ವೀಕ್ಷಕರಿಗೆ ಅನುವಾದಿತ ಶೀರ್ಷಿಕೆ ಪ್ರತ್ಯೇಕವಾಗಿ ಸೇರಿಸಬಹುದು. ಅಲ್ಲಿ ಕಲ್ಯಾಣಿ ತೆಪ್ಪಕುಳಂ ಆಯಿತು.

ಕೆಲಸ ಆಯಿತೇ ಎಂದು ತಿಳಿಯುವುದು ಒಟ್ಟು ವೀಕ್ಷಣೆಯಿಂದಲ್ಲ. ಯೂಟ್ಯೂಬ್ ಸ್ಟುಡಿಯೊದ ವಿಶ್ಲೇಷಣೆಯಲ್ಲಿ ವೀಕ್ಷಕರು ಎಲ್ಲಿಂದ ಬಂದರು ಎಂಬ ಪಟ್ಟಿ ಇದೆ. ಅದರಲ್ಲಿ ಯೂಟ್ಯೂಬ್ ಹುಡುಕಾಟವನ್ನು ತೆರೆದರೆ ಜನ ಟೈಪ್ ಮಾಡಿದ ಮಾತುಗಳೇ ಸಿಗುತ್ತವೆ. ಬದಲಾವಣೆಗೆ ಮುಂಚಿನ ನಾಲ್ಕು ವಾರ, ನಂತರದ ನಾಲ್ಕು ವಾರ ಪಕ್ಕಪಕ್ಕ ಇಟ್ಟು ನೋಡಿದೆವು. ಮೊದಲು ಅಲ್ಲಿ ಇದ್ದದ್ದು ಅವಳ ಚಾನೆಲಿನ ಹೆಸರು, ವಿಡಿಯೊದ ಹೆಸರು. ಅಂದರೆ ಅವಳನ್ನು ಮೊದಲೇ ಬಲ್ಲವರು. ನಂತರ ಮಳೆನೀರು ಸಂಗ್ರಹದ ಮಾತುಗಳು ಬಂದವು, ಅವರಲ್ಲಿ ಹಲವರು ಕಾಯ್ದೆಯ ಅಧ್ಯಾಯವನ್ನು ದಾಟಿ ಕೊನೆಯವರೆಗೂ ಕೂತಿದ್ದರು. ತೆಪ್ಪೋತ್ಸವ ಹುಡುಕಿ ಬಂದವರು ಮಾತ್ರ ಬೇಗ ಹೋಗುತ್ತಿದ್ದರು, ಅವರಿಗೆ ಉತ್ಸವವಷ್ಟೇ ಬೇಕಿತ್ತು. ಅವಳು ಆ ದೃಶ್ಯವನ್ನು ಕತ್ತರಿಸಿ ಬೇರೆಯೇ ಒಂದು ಚಿಕ್ಕ ವಿಡಿಯೊ ಮಾಡಿ, ಅದರ ಕೊನೆಯಲ್ಲಿ ಇದರ ಕೊಂಡಿ ಇಟ್ಟಳು.

ಈ ವಿಧಾನಕ್ಕೆ ಒಂದು ಗಡಿಯಿದೆ. ಊರು ನೀರನ್ನು ಮರೆಯುವ ರೀತಿ ಎನ್ನುವುದೇ ಅವಳ ಪ್ರಬಂಧದ ಜೀವ, ಅದನ್ನು ಯಾರೂ ಹುಡುಕುವುದಿಲ್ಲ, ಹುಡುಕಲು ಅದಕ್ಕೊಂದು ಪದವಿಲ್ಲ. ಹಾಗಿರುವ ವಿಚಾರಕ್ಕೆ ಜನ ಬರುವುದು ಒಬ್ಬರು ಇನ್ನೊಬ್ಬರಿಗೆ ಕಳಿಸಿದಾಗ, ಅಥವಾ ಪಕ್ಕದಲ್ಲಿ ಸಲಹೆಯಾಗಿ ಕಂಡಾಗ. ಹುಡುಕುವ ಮಾತು ಮಾಡಬಹುದಾದದ್ದು ಕಲ್ಯಾಣಿಯ ಮೆಟ್ಟಿಲಿನ ತನಕ ಕರೆತರುವುದು ಮಾತ್ರ. ಗೆಳತಿ ಕ್ಯಾಮೆರಾ ಮಾರಲಿಲ್ಲ. ಎರಡನೆಯ ವಿಡಿಯೊ ಪುಳಲ್ ಜಲಾಶಯದ ಬಗ್ಗೆ, ಹೆಸರು ಇನ್ನೂ ಇಟ್ಟಿಲ್ಲ. ಈ ಸಲ ಪಠ್ಯದ ಮೊದಲ ಸಾಲಿನಲ್ಲೇ ‘ಜಲಾಶಯ’ ಎಂಬ ಪದ ಇದೆ.