ಬೆರಳು ಬಲ್ಲ ಅಂಕಿ

ಸೊಲ್ಲಾಪುರದ ಪೇಟೆಯಲ್ಲಿ ಲೆಕ್ಕ ಬರೆಯುವ ಕನ್ನಡಿಗರಾದ ನಾವು ದಿನವೂ ಮೂರು ಭಾಷೆಗಳ ಅಂಕಿಗಳನ್ನು ಕೇಳುತ್ತೇವೆ. ಅಕ್ಕಲಕೋಟೆಯ ಕಡೆಯಿಂದ ಬಂದ ಗಿರಾಕಿ ಕನ್ನಡದಲ್ಲಿ ಎಣಿಸುತ್ತಾನೆ, ಚಾದರ ನೇಯಿಸುವ ಯಜಮಾನರು ಮನೆಮಾತಾದ ತೆಲುಗಿನಲ್ಲಿ ಎಣಿಸುತ್ತಾರೆ, ಗಾದಿಯ ಮೇಲೆ ಕುಳಿತ ಶೇಠಜಿ ಮರಾಠಿಯಲ್ಲಿ ಮೊತ್ತ ಹೇಳುತ್ತಾರೆ. ಇವೆಲ್ಲವೂ ಕೊನೆಗೆ ಬಂದು ಸೇರುವುದು ಒಂದೇ ಸ್ಥಳಕ್ಕೆ: ಕೀಲಿಮಣೆಯ ಬಲಬದಿಯ ನಂಬರ್ ಪ್ಯಾಡಿಗೆ. ಅಂಗೈಯಗಲದ ಆ ಜಾಗದಲ್ಲಿ ಬಲಗೈಯ ಐದು ಬೆರಳು ಹೇಗೆ ನಡೆಯಬೇಕು, ಎಲ್ಲಿ ದಾರಿ ತಪ್ಪುತ್ತವೆ, ತಪ್ಪಿದ್ದನ್ನು ಹೇಗೆ ಕಂಡುಹಿಡಿಯಬೇಕು ಎಂಬುದು ನಮ್ಮಂಥವರ ಹೊಟ್ಟೆಪಾಡಿನ ವಿದ್ಯೆ. ಅದನ್ನು ಇಲ್ಲಿ ಬರೆದಿಡುವುದು ನಮ್ಮ ಉದ್ದೇಶ.

ಮೊದಲಿಗೆ ಬೆರಳುಗಳ ಮನೆ. ನಂಬರ್ ಪ್ಯಾಡಿನ ಐದರ ಕೀಲಿಯನ್ನು ಮೆಲ್ಲಗೆ ಸವರಿದರೆ ಅದರ ಮೇಲೆ ಸಣ್ಣ ಉಬ್ಬುಗೆರೆಯೊಂದು ತಗಲುತ್ತದೆ. ನೋಡದೆಯೇ ಕೈ ತನ್ನ ಸ್ಥಾನವನ್ನು ಕಂಡುಕೊಳ್ಳಲೆಂದು ಇಟ್ಟ ಗುರುತು ಅದು. ಅದರ ಮೇಲೆ ನಡುಬೆರಳು ಕುಳಿತರೆ ತೋರುಬೆರಳು ನಾಲ್ಕರ ಮೇಲೂ ಉಂಗುರಬೆರಳು ಆರರ ಮೇಲೂ ತಾವಾಗಿಯೇ ಕುಳಿತುಕೊಳ್ಳುತ್ತವೆ. ಈ ಮೂರು ಬೆರಳುಗಳೂ ತಮ್ಮ ತಮ್ಮ ಸಾಲಿನಲ್ಲಿ ಮಾತ್ರ ಮೇಲೆ ಕೆಳಗೆ ಸಂಚರಿಸಬೇಕು. ಒಂದು, ನಾಲ್ಕು, ಏಳು ತೋರುಬೆರಳಿನ ಪಾಲು. ಎರಡು, ಐದು, ಎಂಟು ನಡುಬೆರಳಿನದು. ಮೂರು, ಆರು, ಒಂಬತ್ತು ಹಾಗೂ ಪೈಸೆಯ ಚುಕ್ಕಿ ಉಂಗುರಬೆರಳಿನವು. ಸೊನ್ನೆ ಹೆಬ್ಬೆರಳಿಗೆ, ಎಂಟರ್ ಮತ್ತು ಕೂಡುವ ಕಳೆಯುವ ಚಿಹ್ನೆಗಳು ಕಿರುಬೆರಳಿಗೆ. ಯಾವ ಬೆರಳೂ ಇನ್ನೊಂದರ ಸಾಲಿಗೆ ಕಾಲಿಡುವುದಿಲ್ಲ. ಒತ್ತಿದ ಮೇಲೆ ಪ್ರತಿ ಬೆರಳೂ ನಡುಸಾಲಿಗೆ ಮರಳುತ್ತದೆ.

ನಮಗೆ ಇದನ್ನು ಹೇಳಿಕೊಟ್ಟವರು ಅಂಗಡಿಯ ಹಿರಿಯ ದಿವಾಣಜಿ. ಹೊಸದಾಗಿ ಬಂದ ಹುಡುಗರ ಬಲಗೈಯ ಮೇಲೆ ಕರವಸ್ತ್ರ ಹಾಸಿ, “ತಮ್ಮಾ, ಕಣ್ಣ ಕಾಗದದ ಮ್ಯಾಲ ಇರ್ಲಿ. ಬೆರಳಿಗೆ ತನ್ನ ಮನಿ ಗೊತ್ತದ” ಎನ್ನುತ್ತಿದ್ದರು. ಮೊದಲ ವಾರ ನಾಲ್ಕು, ಐದು, ಆರು ಮಾತ್ರ; ಎರಡನೆಯ ವಾರ ಮೇಲಿನ ಸಾಲು, ಮೂರನೆಯ ವಾರ ಕೆಳಗಿನ ಸಾಲು ಮತ್ತು ಸೊನ್ನೆ. ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುತ್ತಿರಲಿಲ್ಲ. ಅಭ್ಯಾಸಕ್ಕೆ ಹಳೆಯ ಬಿಲ್ಲುಗಳ ಕಟ್ಟೇ ಸಾಮಗ್ರಿ, ಏಕೆಂದರೆ ಅವುಗಳ ಮೊತ್ತ ಮೊದಲೇ ಗೊತ್ತಿರುತ್ತದೆ. ತಾಳೆಯಾಯಿತೋ ಇಲ್ಲವೋ ಎಂಬುದು ಕೂಡಲೇ ತಿಳಿಯುತ್ತದೆ. ಒಂದು ಕಟ್ಟು ತಪ್ಪಿಲ್ಲದೆ ಮುಗಿಯುವವರೆಗೆ ವೇಗದ ಮಾತನ್ನು ಅವರು ಎತ್ತುತ್ತಲೇ ಇರಲಿಲ್ಲ.

ಇದರಲ್ಲಿ ಎಡಗೈಗೂ ಕೆಲಸವಿದೆ. ಎಡಗೈಯ ಬೆರಳು ಅಥವಾ ಒಂದು ಫುಟ್‌ಪಟ್ಟಿ ಕಾಗದದ ಮೇಲೆ ಈಗಿನ ಸಾಲನ್ನು ಹಿಡಿದಿರಬೇಕು. ಎಂಟರ್ ಒತ್ತಿದಂತೆ ಅದು ಒಂದು ಸಾಲು ಕೆಳಗಿಳಿಯಬೇಕು. ಕಣ್ಣು ಕಾಗದದಿಂದ ಪರದೆಗೆ, ಪರದೆಯಿಂದ ಕೀಲಿಗೆ, ಕೀಲಿಯಿಂದ ಮರಳಿ ಕಾಗದಕ್ಕೆ ಅಲೆಯುವಾಗಲೇ ಒಂದು ಬಿಲ್ಲು ಜಾರಿಹೋಗುವುದು ಅಥವಾ ಒಂದೇ ಬಿಲ್ಲು ಎರಡು ಸಲ ದಾಖಲಾಗುವುದು. ಆದ್ದರಿಂದಲೇ ಕೀಲಿ ನೋಡದೆ ಒತ್ತುವ ಅಭ್ಯಾಸದ ಮೊದಲ ಲಾಭ ವೇಗವಲ್ಲ. ಕಣ್ಣು ಸಾಲಿನಲ್ಲೇ ನಿಲ್ಲುವುದು.

ಇನ್ನು ನಮ್ಮ ಗಡಿಸೀಮೆಗೇ ವಿಶೇಷವಾದ ಒಂದು ತೊಡಕು. ಕನ್ನಡದ ಎಣಿಕೆ ಕೀಲಿಗೆ ಹೊಂದಿಕೊಂಡು ನಡೆಯುತ್ತದೆ. ನಲವತ್ತೇಳು ಎಂದಾಗ ಮೊದಲು ನಲವತ್ತು, ಆಮೇಲೆ ಏಳು; ಬರೆಯುವ ಕ್ರಮವೂ ಅದೇ, ಒತ್ತುವ ಕ್ರಮವೂ ಅದೇ. ತೆಲುಗಿನಲ್ಲಿಯೂ ಹತ್ತರ ಸ್ಥಾನವೇ ಮುಂದು. ಮರಾಠಿಯಲ್ಲಿ ಹಾಗಲ್ಲ. ‘ಸತ್ತೇಚಾಳೀಸ’ ಎಂಬಲ್ಲಿ ಏಳು ಮೊದಲು, ನಲವತ್ತು ನಂತರ, ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ನಂತರ, ‘ತ್ರೇಸಷ್ಟ’ದಲ್ಲಿ ಮೂರು ಮೊದಲು, ಅರವತ್ತು ನಂತರ. ಕಿವಿಗೆ ಬಿದ್ದ ಮೊದಲ ಸದ್ದಿಗೇ ಬೆರಳು ಓಡಿದರೆ 47 ಎಂಬುದು 74 ಆಗುತ್ತದೆ. ‘ಏಕೋಣತೀಸ’ದ ಕಥೆಯೇ ಬೇರೆ. ಅದರ ಅರ್ಥ ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29. ಆದರೆ ಕಿವಿಯಲ್ಲಿ ಉಳಿಯುವುದು ‘ತೀಸ’. ಬೆರಳು ಮೂರರ ಮೇಲೆ ಬಿದ್ದು 39 ಮೂಡುತ್ತದೆ. 49, 59, 69, 79, 89 ಇವೂ ಮರಾಠಿಯಲ್ಲಿ ಹೀಗೆಯೇ ಮುಂದಿನ ದಶಕದ ಹೆಸರನ್ನು ಹೊತ್ತುಕೊಂಡೇ ಬರುತ್ತವೆ.

ಇದು ಮರಾಠಿಯ ದೋಷವಲ್ಲ. ಮರಾಠಿಯಲ್ಲಿಯೇ ಎಣಿಸಿ ಬೆಳೆದವನಿಗೆ ‘ಸತ್ತೇಚಾಳೀಸ’ ಎಂಬುದು ಒಡೆಯಲಾಗದ ಒಂದೇ ಪದ; ಪೂರ್ತಿ ಪದ ಮುಗಿದ ಮೇಲೆ 47 ಎಂಬ ಚಿತ್ರ ಅವನ ಮನಸ್ಸಿನಲ್ಲಿ ಮೂಡುತ್ತದೆ. ನಮ್ಮಂಥವರ ಕಿವಿ ಅದನ್ನು ಒಡೆದು ಕೇಳುತ್ತದೆ, ಅಷ್ಟೇ. ಇದಕ್ಕೆ ನಮ್ಮ ಗಾದಿಯಲ್ಲಿ ಎರಡು ಕಟ್ಟಳೆಗಳು ರೂಢಿಯಾದವು. ಬಾಯಿಂದ ಹೇಳಿದ ಮೊತ್ತವನ್ನು ಪೂರ್ತಿ ಕೇಳುವವರೆಗೆ ಕೈ ನಡುಸಾಲಿನಿಂದ ಏಳಬಾರದು, ಇದು ಮೊದಲನೆಯದು. ಇಬ್ಬರು ಕುಳಿತು ಒಬ್ಬರು ಓದಿ ಇನ್ನೊಬ್ಬರು ಒತ್ತುವಾಗ ಮೊತ್ತವಾಗಿ ಓದದೆ ಬಿಡಿ ಅಂಕಿಗಳಾಗಿಯೇ ಓದಬೇಕು, ಇದು ಎರಡನೆಯದು. “ನಾಲ್ಕು, ಆರು, ನಾಲ್ಕು, ಏಳು” ಎಂದು ಓದಿದರೆ ಯಾವ ಭಾಷೆಯಲ್ಲಿ ಓದಿದರೂ ಅಂಕಿ ತಿರುಗುಮುರುಗಾಗದು.

ಆದರೂ ತಿರುಗುಮುರುಗಾದರೆ? ಇಲ್ಲಿ ಲೆಕ್ಕಿಗರ ಹಳೆಯ ಉಪಾಯವೊಂದು ನೆರವಿಗೆ ಬರುತ್ತದೆ. ಬಿಲ್ಲುಗಳನ್ನು ದಾಖಲಿಸುವ ಮುನ್ನವೇ ಅವುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಕ್ಯಾಲ್ಕುಲೇಟರಿನಲ್ಲಿ ಕೂಡಿ ಕಟ್ಟಿನ ಮೇಲೆ ಬರೆದಿಡಬೇಕು. ಒಂದು ಸಣ್ಣ ಕಟ್ಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಬಿಲ್ಲು: 4,647, 2,952, 1,874, 6,325 ಮತ್ತು 3,180. ಕಟ್ಟಿನ ಮೇಲೆ ಬರೆದ ಮೊತ್ತ 18,978. ಕಂಪ್ಯೂಟರು ತೋರಿಸಿದ್ದು 19,005. ಅಂತರ 27, ಅದೂ ಹೆಚ್ಚಿಗೆ. ಇದನ್ನು ಒಂಬತ್ತರಿಂದ ಭಾಗಿಸಿದರೆ ಶೇಷವಿಲ್ಲದೆ ಮೂರು ಬರುತ್ತದೆ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಬರುವ ಅಂತರ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಏಕೆಂದರೆ ಒಂದು ಅಂಕಿ ಬಿಡಿಯ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಏರಿದಾಗ ಅದರ ಬೆಲೆ ಒಂಬತ್ತು ಪಟ್ಟು ಕೂಡುತ್ತದೆ. ಇಳಿದ ಅಂಕಿಯ ಬೆಲೆ ಒಂಬತ್ತು ಪಟ್ಟು ಕಳೆಯುತ್ತದೆ. ಭಾಗಿಸಿದಾಗ ಬಂದ ಮೂರು, ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ.

ಅಂತರ ತೊಂಬತ್ತಕ್ಕಿಂತ ಕಡಿಮೆಯಿರುವುದರಿಂದ ಕೊನೆಯ ಎರಡು ಅಂಕಿಗಳನ್ನಷ್ಟೇ ನೋಡಿದರೆ ಸಾಕು. ಮೊತ್ತ ಹೆಚ್ಚಾಗಿರುವುದರಿಂದ, ಕಾಗದದ ಮೇಲೆ ಬಿಡಿಯ ಅಂಕಿ ಹತ್ತರ ಅಂಕಿಗಿಂತ ಮೂರು ಹೆಚ್ಚಿರುವ ಬಿಲ್ಲನ್ನು ಹುಡುಕಬೇಕು. 52 ಮತ್ತು 74 ಸಲ್ಲವು. ಅವು ತಿರುಗಿದ್ದರೆ ಮೊತ್ತ ಕಡಿಮೆಯಾಗುತ್ತಿತ್ತು. 80 ಸಲ್ಲದು. ಉಳಿದವು 47 ಮತ್ತು 25, ಅಂದರೆ ಎರಡೇ ಬಿಲ್ಲು. ಪರದೆಯಲ್ಲಿ 6,325 ಸರಿಯಾಗಿದೆ, 4,647ರ ಬದಲು 4,674 ಇದೆ. ‘ಸತ್ತೇಚಾಳೀಸ’ ತನ್ನ ಕೆಲಸ ಮಾಡಿದೆ! ಐದರಲ್ಲಿ ಎರಡನ್ನು ನೋಡುವುದು ದೊಡ್ಡ ಉಳಿತಾಯವಲ್ಲ ನಿಜ. ಆದರೆ ದೀಪಾವಳಿಯ ಮುಂಚಿನ ವಾರದ ದಪ್ಪ ಕಟ್ಟುಗಳಲ್ಲಿ ಇದೇ ಉಪಾಯ ರಾತ್ರಿಯ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡಿಸುತ್ತದೆ.

ಒಂಬತ್ತರಿಂದ ಭಾಗವಾಗುವ ಇನ್ನೊಂದು ತಪ್ಪೂ ಇದೆ. ಹೆಬ್ಬೆರಳು ಸೊನ್ನೆಯನ್ನು ಸರಿಯಾಗಿ ಒತ್ತದೆ 3,180 ಎಂಬುದು 318 ಆದರೆ ಅಂತರ 2,862. ಅದನ್ನು ಒಂಬತ್ತರಿಂದ ಭಾಗಿಸಿದರೆ 318 ತಾನೇ ಎದುರಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಅಂತರ ದೊಡ್ಡದಿದ್ದಾಗ ಭಾಗಲಬ್ಧವನ್ನೇ ಪರದೆಯಲ್ಲಿ ಹುಡುಕುವುದು ಜಾಣತನ.

ಇಡೀ ಕೈ ಜಾರಿದಾಗ ಬೀಳುವ ತಪ್ಪಿನ ಗುರುತು ಬೇರೆ. ಚಹಾದ ಲೋಟ ಹಿಡಿದು ಮರಳಿದ ಕೈ ಒಂದು ಸಾಲು ಮೇಲೆ ಕುಳಿತರೆ ಒಂದರಿಂದ ಆರರವರೆಗಿನ ಪ್ರತಿ ಅಂಕಿಯೂ ಮೂರು ಹೆಚ್ಚುತ್ತದೆ. 142 ಎಂಬುದು 475 ಆಗಿ ಅಂತರ 333 ಎಂದು ಕಾಣುತ್ತದೆ. ಒಂದು ಸಾಲು ಬಲಕ್ಕೆ ಸರಿದರೆ ನಾಲ್ಕು ಐದಾಗುತ್ತದೆ, ಐದು ಆರಾಗುತ್ತದೆ, ಆರಕ್ಕೆ ಹೋದ ಬೆರಳು ಕೂಡುವ ಚಿಹ್ನೆಯ ಮೇಲೆ ಬೀಳುತ್ತದೆ. ಅಂಕಿಯೇ ಮೂಡದೆ ಕರ್ಸರ್ ಅತ್ತಿತ್ತ ಓಡಿದರೆ ಮಾತ್ರ ತಪ್ಪು ಬೆರಳಿನದಲ್ಲ. ನಮ್ ಲಾಕ್ ಆರಿದೆ, ಕೀಲಿಗಳು ಬಾಣಗಳಾಗಿವೆ. ಕೈ ಎತ್ತಿದಾಗಲೆಲ್ಲ ಮರಳಿ ಬಂದೊಡನೆ ಐದರ ಗೆರೆಯನ್ನು ಸವರುವುದು ಕೈ ಜಾರದಂತೆ ಕಾಯುವ ಅಭ್ಯಾಸ.

ಈಚೆಗೆ ಅಂಗಡಿಗಳಲ್ಲಿ ಮತ್ತೊಂದು ಗೊಂದಲ ಸೇರಿಕೊಂಡಿದೆ. ಲೆಕ್ಕದ ಯಂತ್ರಗಳ ಪರಂಪರೆಯಿಂದ ಬಂದ ನಂಬರ್ ಪ್ಯಾಡಿನಲ್ಲಿ ಏಳು, ಎಂಟು, ಒಂಬತ್ತು ಮೇಲಿನ ಸಾಲಿನಲ್ಲಿವೆ. ಅಮೆರಿಕದ ಬೆಲ್ ಪ್ರಯೋಗಾಲಯದವರು ಒತ್ತುಗುಂಡಿಯ ಟೆಲಿಫೋನಿಗಾಗಿ ಹಲವು ಜೋಡಣೆಗಳನ್ನು ಜನರ ಕೈಯಲ್ಲಿ ಪರೀಕ್ಷಿಸಿ 1960ರಲ್ಲಿ ಅದರ ವರದಿ ಪ್ರಕಟಿಸಿದರು. ಒಂದು, ಎರಡು, ಮೂರು ಮೇಲಿರುವ ಜೋಡಣೆ ಟೆಲಿಫೋನಿನದಾಯಿತು. ಮೊಬೈಲೂ ಕಾರ್ಡು ಉಜ್ಜುವ ಯಂತ್ರವೂ ಅದೇ ದಾರಿ ಹಿಡಿದವು. ಆದ್ದರಿಂದ ಒಂದೇ ಗಲ್ಲೆಯ ಮುಂದೆ ಕುಳಿತವನ ಕೈಗೆ ಎರಡು ತಲೆಕೆಳಗಾದ ನಕ್ಷೆಗಳು. ಅವು ಬೆರೆತಾಗ ಒಂದು ಮತ್ತು ಏಳು, ಎರಡು ಮತ್ತು ಎಂಟು, ಮೂರು ಮತ್ತು ಒಂಬತ್ತು ಸ್ಥಾನ ಬದಲಿಸುತ್ತವೆ; ನಡುಸಾಲೂ ಸೊನ್ನೆಯೂ ಹಾಗೆಯೇ ಉಳಿಯುತ್ತವೆ. 1,250 ಎಂಬುದು 7,850 ಆಗುವುದು ಹೀಗೆ. ನಮ್ಮಲ್ಲಿ ಇದಕ್ಕೆ ಮಾಡಿಕೊಂಡ ಏರ್ಪಾಡು ಸರಳ: ನಂಬರ್ ಪ್ಯಾಡನ್ನು ಕುಳಿತು, ಮೂರು ಬೆರಳಿನಿಂದ, ನೋಡದೆ ಒತ್ತುವುದು, ಕಾರ್ಡಿನ ಯಂತ್ರವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಒಂದೇ ಬೆರಳಿನಿಂದ, ನೋಡಿಕೊಂಡೇ ಒತ್ತುವುದು. ಎರಡೂ ಕೆಲಸಗಳ ಭಂಗಿಯೇ ಬೇರೆಯಾದಾಗ ಬೆರಳು ಒಂದರ ನಕ್ಷೆಯನ್ನು ಇನ್ನೊಂದಕ್ಕೆ ಒಯ್ಯುವುದು ಕಡಿಮೆ.

ಈ ಎಲ್ಲ ಉಪಾಯಗಳಿಗೂ ಒಂದು ಎಲ್ಲೆಯಿದೆ. ಒಂದು ತಪ್ಪು 27 ಹೆಚ್ಚಿಸಿ ಇನ್ನೊಂದು 27 ತಗ್ಗಿಸಿದರೆ ಮೊತ್ತ ತಾಳೆಯಾಗಿಯೇ ಬಿಡುತ್ತದೆ. ಒಬ್ಬ ಗಿರಾಕಿಯ ಬಿಲ್ಲು ಇನ್ನೊಬ್ಬನ ಖಾತೆಗೆ ಸರಿಯಾದ ಅಂಕಿಯಲ್ಲಿಯೇ ಹೋಗಿದ್ದರೂ ಮೊತ್ತ ಬಾಯಿ ಬಿಡುವುದಿಲ್ಲ. ಅದಕ್ಕಾಗಿಯೇ ನಮ್ಮ ದಿವಾಣಜಿ ತಾಳೆಯಾದ ಕಟ್ಟನ್ನೂ ಒಮ್ಮೆ ಹೆಸರು ಹಿಡಿದು ಓದಿಸುತ್ತಿದ್ದರು. ಆಗ ಮಾತ್ರ ಪರದೆಯನ್ನು ನೋಡಲು ನಮಗೆ ಅಪ್ಪಣೆ. ಓದಿ ಮುಗಿದ ಮೇಲೆ ಕಟ್ಟಿಗೆ ದಾರ ಸುತ್ತಿ, ಮೊತ್ತದ ಕೆಳಗೆ ಒಂದು ಗೆರೆ ಎಳೆದು, ಮಾಡಿನಲ್ಲಿಡುತ್ತಿದ್ದೆವು.