ಮಸ್ಕತ್ತಿಗೆ ಹೋದ ಗ್ರಾಮಸಭೆಯ ನೋಟಿಸು

ಪಂಚಾಯತ್ ನೋಟಿಸನ್ನು ಬರೆಯುವುದು ಊರಿನವರಿಗಾಗಿ. ಸಭೆ ಯಾವ ಶಾಲೆಯ ಜಗಲಿಯಲ್ಲಿ ಸೇರುತ್ತದೆ, ಪಿಡಿಒ ಯಾರು, ಹೋದ ಸಲ ಯಾರಿಗೆ ಮನೆ ಮಂಜೂರಾಯಿತು ಎಂಬುದೆಲ್ಲ ಓದುವವರಿಗೆ ಗೊತ್ತಿದೆಯೆಂದು ಅದು ನಂಬಿಕೊಂಡಿರುತ್ತದೆ. ಹಾಗಾಗಿ ಕಾಗದದ ಮೇಲೆ ಬರುವುದು ಅರ್ಧ ಮಾತ್ರ. ನನ್ನ ಅಕ್ಕನ ಮಗ ಆ ನೋಟಿಸಿನ ಫೋಟೋ ಕಳಿಸಿ, ‘ಮಾವ, ಇದ್ರಲ್ಲಿ ಎಂತ ಇತ್ತ್ ಅಂದ್ಹೇಳಿ ಇಂಗ್ಲಿಷಲ್ಲಿ ಬರ್ದ್ ಕೊಡಿ’ ಎಂದಾಗ ಅವನಿಗೆ ನಿಜಕ್ಕೂ ಬೇಕಾಗಿದ್ದದ್ದು ಕಾಗದದ ಮೇಲಿಲ್ಲದ ಉಳಿದರ್ಧ.

ಅವನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಮನೆಯಲ್ಲಿ ಕುಂದಾಪುರ ಕನ್ನಡ ಮಾತಾಡುತ್ತಾನೆ, ಅಕ್ಷರ ಓದಲು ಬರುವುದಿಲ್ಲ. ಈಗ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್. ಅವನ ಅಕ್ಕನನ್ನು ಊರಿಗೇ ಮದುವೆ ಮಾಡಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳೊಂದಿಗೆ ಗಂಡನ ಮನೆಯವರ ಹಳೆಯ ಮಣ್ಣಿನ ಗೋಡೆಯ ಮನೆಯಲ್ಲಿದ್ದಾಳೆ. ಮನೆ ಕಟ್ಟುವುದಾದರೆ ಕೈಯಿಂದ ಹಾಕುವ ಹಣ ತಮ್ಮನದು. ಆದ್ದರಿಂದ ಆ ಕಾಗದದ ಒಂದೊಂದು ಸಾಲೂ ಅವನಿಗೆ ಲೆಕ್ಕದ ವಿಷಯವಾಗಿತ್ತು.

ನೋಟಿಸಿನಲ್ಲಿದ್ದದ್ದು ಇಷ್ಟು. 05-07ರ ಶುಕ್ರವಾರ ಪೂರ್ವಾಹ್ನ 11 ಗಂಟೆಗೆ ಮೊದಲ ಸುತ್ತಿನ ಗ್ರಾಮಸಭೆ, ನೋಡಲ್ ಅಧಿಕಾರಿಯ ಉಪಸ್ಥಿತಿ, ಇಲಾಖಾ ಮಾಹಿತಿ. ಆಮೇಲೆ ಐದನೆಯ ವಿಷಯವಾಗಿ, ಬಸವ ವಸತಿ ಯೋಜನೆಯಡಿ ನಿಗದಿಪಡಿಸಿದ ಗುರಿಗನುಗುಣವಾಗಿ ಅರ್ಹ ಫಲಾನುಭವಿಗಳನ್ನು ಆಯ್ಕೆ ಮಾಡಲಾಗುವುದು, ತಲಾ 1,20,000 ರೂಪಾಯಿ ಸಹಾಯಧನವನ್ನು ಹಂತ ಹಂತವಾಗಿ ಬಿಡುಗಡೆ ಮಾಡಲಾಗುವುದು. ಕೊನೆಗೆ, ಗ್ರಾಮಸ್ಥರು ತಪ್ಪದೇ ಹಾಜರಿರಬೇಕಾಗಿ ಕೋರಿಕೆ.

ಇದನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ಇಳಿಸಿದರೆ ಒಂದು ಶಬ್ದವೂ ತಪ್ಪಾಗುವುದಿಲ್ಲ, ಆದರೆ ಹುಡುಗ ದಾರಿ ತಪ್ಪುತ್ತಾನೆ. ‘ಆಯ್ಕೆ ಮಾಡಲಾಗುವುದು’ ಎಂದರೆ ಆರಿಸುವವರು ಯಾರು? ಹೊರಗಿನವನು ಓದಿದರೆ ಯಾವುದೋ ಕಚೇರಿಯಲ್ಲಿ ಯಾರೋ ಅಧಿಕಾರಿ ಎಂದುಕೊಳ್ಳುತ್ತಾನೆ. ಅವನೂ ಹಾಗೆಯೇ ಅಂದುಕೊಂಡಿದ್ದ. ‘ಅಕ್ಕ ಅರ್ಜಿ ಕೊಟ್ಟಾಯ್ತಲ್ದಾ, ಮೀಟಿಂಗಿಗೆ ಯಾಕೆ ಹೋಯ್ಕ್?’ ಎಂದು ಕೇಳಿದ. ಆರಿಸುವುದು ಆ ಸಭೆಯೇ. ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯ ಸದಸ್ಯರು. ಅರ್ಜಿಗಳನ್ನು ಅಲ್ಲಿ ಓದಿ ಹೇಳುತ್ತಾರೆ. ಇವರಿಗೆ ಮನೆ ಇದೆ, ಇವರಿಗಿಲ್ಲ ಎಂದು ಜನ ಎದ್ದು ನಿಂತು ಹೇಳುತ್ತಾರೆ. ಪಟ್ಟಿ ಅಲ್ಲಿ ಒಪ್ಪಿಗೆಯಾಗುತ್ತದೆ. ತನ್ನ ಪರವಾಗಿ ಮಾತಾಡಲು ಅರ್ಜಿದಾರಳೇ ಅಲ್ಲಿರದಿದ್ದರೆ ಹೆಸರು ಕೆಳಗೆ ಜಾರುವುದು ಸುಲಭ. ಆದ್ದರಿಂದ ನನ್ನ ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವನ್ನು ತಂದು ಕೂರಿಸಿದೆ: ಊರಿನ ಮತದಾರರು ಈ ಸಭೆಯಲ್ಲಿ ಆರಿಸುತ್ತಾರೆ, ನಿನ್ನ ಅಕ್ಕ ಅಲ್ಲಿರಬೇಕು, ಅವಳ ಹೆಸರು ಮತದಾರರ ಪಟ್ಟಿಯಲ್ಲಿ ಈ ಊರಿನಲ್ಲೇ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

‘ಸಭೆ’ ಎಂಬುದನ್ನು ಮಾತ್ರ ನಾನು ಇಂಗ್ಲಿಷು ಮಾಡಲಿಲ್ಲ. ಪಂಚಾಯತ್‌ನಲ್ಲಿ ವಾರ್ಡ್ ಸಭೆ ಬೇರೆ, ಗ್ರಾಮಸಭೆ ಬೇರೆ, ಚುನಾಯಿತ ಸದಸ್ಯರಷ್ಟೇ ಕೂರುವ ಸಾಮಾನ್ಯ ಸಭೆ ಬೇರೆ. ಮೂರಕ್ಕೂ ಮೀಟಿಂಗ್ ಎಂದು ಬರೆದರೆ ಅಕ್ಕ ವಾರ್ಡ್ ಸಭೆಗೆ ಹೋಗಿ ಬಂದದ್ದೇ ಸಾಕೆಂದು ತಮ್ಮ ಸುಮ್ಮನಾಗಿಬಿಡಬಹುದು. ಅಲ್ಲದೆ ಅವನು ನನ್ನ ಇಂಗ್ಲಿಷನ್ನು ಓದಿದ ಮೇಲೆ ಅಕ್ಕನಿಗೆ ಫೋನು ಮಾಡುವುದು ಕನ್ನಡದಲ್ಲಿ. ಅವಳು ಪಂಚಾಯತ್ ಕಚೇರಿಯ ಮೇಜಿನ ಮುಂದೆ ನಿಂತು ಕೇಳುವುದೂ ಕನ್ನಡದಲ್ಲಿ. ಅಲ್ಲಿ ಬೇಕಾಗುವ ಗ್ರಾಮಸಭೆ, ನಡವಳಿ, ನಮೂನೆ 9 ಮತ್ತು 11 ಎಂಬ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಇಟ್ಟು, ಪಕ್ಕದಲ್ಲಿ ಒಂದೊಂದು ಸಾಲಿನ ವಿವರಣೆ ಕೊಟ್ಟೆ. ತಾರೀಕಿನ ತಿಂಗಳನ್ನು ಅಂಕಿಯಲ್ಲಿ ಬಿಡದೆ ಜುಲೈ ಎಂದು ಅಕ್ಷರದಲ್ಲೇ ಬರೆದು, ಅವನ ಗಡಿಯಾರದಲ್ಲಿ ಅದು ಬೆಳಗಿನ ಒಂಬತ್ತೂವರೆ ಎಂದು ಸೇರಿಸಿದೆ. ಒಮಾನಿನಲ್ಲಿ ಶುಕ್ರವಾರ ರಜೆ. ಅವನು ಫೋನಿಗೆ ಸಿಗುತ್ತಾನೆ.

ಹೆಚ್ಚು ಹೊತ್ತು ಹಿಡಿದದ್ದು ಹಣದ ಸಾಲು. ‘ಹಂತ ಹಂತವಾಗಿ’ ಎಂಬುದನ್ನು ಕಂತು ಎಂದು ಹೇಳಿದರೆ ಕೇಳಿದವನಿಗೆ ಮೊದಲ ಕಂತು ಕೈಗೆ ಬರುತ್ತದೆ, ಅದರಲ್ಲಿ ಕೆಲಸ ಶುರುಮಾಡಬಹುದು ಎನ್ನಿಸುತ್ತದೆ. ನಡೆಯುವುದು ಇದರ ತಿರುವುಮುರುವು. ತಳಪಾಯ ಮುಗಿಯಬೇಕು, ಪಂಚಾಯತ್‌ನವರು ಬಂದು ಜಿಪಿಎಸ್ ಫೋಟೋ ತೆಗೆದು ಏರಿಸಬೇಕು, ಆಮೇಲೆ ಫಲಾನುಭವಿಯ ಬ್ಯಾಂಕ್ ಖಾತೆಗೆ ದುಡ್ಡು. ಹಾಗೆಯೇ ಲಿಂಟಲ್ ಮಟ್ಟಕ್ಕೆ, ಛಾವಣಿಗೆ, ಕೊನೆಗೆ ಪೂರ್ಣಗೊಂಡದ್ದಕ್ಕೆ. ನಾಲ್ಕು ಹಂತ, ಹಂತಕ್ಕೆ ಮೂವತ್ತು ಸಾವಿರ. ನಮ್ಮೂರ ಮೇಸ್ತ್ರಿ ಕೆಂಪುಕಲ್ಲಿನ ತಳಪಾಯಕ್ಕೇ ಎಂಬತ್ತು ಸಾವಿರ ಹೇಳಿದ್ದ. ಅಂದರೆ ಸರಕಾರದ ಮೊದಲ ರೂಪಾಯಿ ಬರುವ ಮುನ್ನ ಆ ಎಂಬತ್ತು ಸಾವಿರವೂ ಮಸ್ಕತ್ತಿನಿಂದ ಬರಬೇಕು, ಬಂದ ಮೂವತ್ತು ಗೋಡೆಗೆ ಸಾಲುವುದಿಲ್ಲ. ಇದನ್ನು ನಾನು ಅವನಿಗೆ ಒಂದು ಸಣ್ಣ ಪಟ್ಟಿಯಾಗಿ ಬರೆದೆ: ಎಡಗಡೆ ಕೆಲಸ, ಅದರ ಬಲಕ್ಕೆ ಅವನು ಮೊದಲು ಹಾಕಬೇಕಾದ ಹಣ, ಕೊನೆಯಲ್ಲಿ ಆಮೇಲೆ ವಾಪಸು ಬರುವ ಹಣ.

ಅದನ್ನು ಓದಿ ಅವನಿಗೆ ಹುರುಪು ಬಂತು. ಹೇಗೂ ನಾನೇ ಹಾಕಬೇಕಲ್ಲ, ಈಗಲೇ ಕಳಿಸುತ್ತೇನೆ, ಅಕ್ಕ ತಳಪಾಯ ಹಾಕಿಸಲಿ ಎಂದ. ಅನೇಕರ ಮನೆ ಕೈತಪ್ಪುವುದು ಇಲ್ಲಿಯೇ. ಆಯ್ಕೆಯಾಗಿ ಕಾಮಗಾರಿ ಆದೇಶ ಬರುವ ಮೊದಲು ಖಾಲಿ ಜಾಗದ ಫೋಟೋ ಆಗಬೇಕು. ಅದಕ್ಕೆ ಮುಂಚೆಯೇ ಕಲ್ಲು ಕೂರಿಸಿದರೆ ಇದು ಹೊಸ ಮನೆಯಲ್ಲ ಎಂದು ಹೆಸರು ಬಿಟ್ಟುಹೋಗುವ ಅಪಾಯವಿದೆ. ನೋಟಿಸಿನಲ್ಲಿ ಈ ಬಗ್ಗೆ ಒಂದಕ್ಷರ ಇರಲಿಲ್ಲ. ನಾನು ದಪ್ಪ ಅಕ್ಷರದಲ್ಲಿ ಸೇರಿಸಿದೆ: ಆದೇಶ ಕೈಗೆ ಬರುವವರೆಗೆ ಗುದ್ದಲಿ ಮುಟ್ಟಬೇಡಿ. ಕರಾವಳಿಯ ಜುಲೈ ಮಳೆಯಲ್ಲಿ ಯಾರೂ ಪಾಯ ತೋಡುವುದಿಲ್ಲ ಎಂಬುದು ಅವನನ್ನು ತಡೆಯಲು ನನಗೆ ಒದಗಿತು.

ಮೂಲದಲ್ಲಿಲ್ಲದ್ದನ್ನು ಹೀಗೆ ಸೇರಿಸುವಾಗ ಒಂದು ಎಚ್ಚರ ಬೇಕೇ ಬೇಕು ಎಂದು ನನ್ನ ನಂಬಿಕೆ. ಕಾಗದ ಹೇಳುವುದು ಯಾವುದು, ನಾನು ಹೇಳುವುದು ಯಾವುದು ಎಂಬುದು ಓದುವವನಿಗೆ ಕಾಣಬೇಕು. ಹಾಗಾಗಿ ಮೇಲೆ ನೋಟಿಸಿನ ಸಾಲು ಸಾಲಿನ ಅನುವಾದ, ಕೆಳಗೆ ಗೆರೆ ಎಳೆದು ನನ್ನ ಟಿಪ್ಪಣಿ. ‘ಗುರಿ’ಯ ವಿಷಯವೂ ಆ ಗೆರೆಯ ಕೆಳಗೆ ಹೋಯಿತು: ಪಂಚಾಯತ್‌ಗೆ ವರ್ಗವಾರು ಇಂತಿಷ್ಟೇ ಮನೆ ಎಂದು ಮೇಲಿನಿಂದ ಬರುತ್ತದೆ, ಅರ್ಹತೆ ಇದ್ದರೂ ಈ ಸಲ ಹೆಸರು ಬರದೆ ಹೋಗಬಹುದು. ಜಾಗದ ಮಾತೂ ಅಲ್ಲಿಯೇ ಬಂತು. ಜಾಗ ಇನ್ನೂ ಅಕ್ಕನ ಗಂಡನ ತಂದೆಯ ಹೆಸರಿನಲ್ಲಿದೆ, ನಮೂನೆ 9 ಮತ್ತು 11 ಅವಳ ಹೆಸರಿಗೆ ಆಗದೆ ಮುಂದಿನ ಕೆಲಸ ನಡೆಯುವುದಿಲ್ಲ, ಅದಕ್ಕೆ ಗಂಡನ ಮನೆಯವರ ಒಪ್ಪಿಗೆ ಬೇಕು. ಹಣಕ್ಕಿಂತ ಕಷ್ಟದ ಕೆಲಸ ಇದೇ ಎಂದು ಅವನಿಗೆ ನೇರವಾಗಿ ಬರೆದೆ.

ಸಭೆಗೆ ಅವಳು ಹೋದಳು. ಅವಳ ಸರದಿ ಬಂದಾಗ ಪಕ್ಕದ ಮನೆಯವರು ಎದ್ದು, ಹೋದ ಮಳೆಗಾಲದಲ್ಲಿ ಇವರ ಅಡುಗೆಮನೆಯ ಗೋಡೆ ಬಿದ್ದದ್ದನ್ನು ಹೇಳಿದರಂತೆ. ಹೆಸರು ಓದಿದ್ದಷ್ಟಕ್ಕೆ ನಂಬಿ ಕೂರಬೇಡ, ನಡವಳಿಯ ಪ್ರತಿಗೆ ಅರ್ಜಿ ಕೊಡು, ಅದರಲ್ಲಿ ಹೆಸರೂ ಗಂಡನ ಹೆಸರೂ ಆಧಾರ್‌ನಲ್ಲಿದ್ದ ಹಾಗೆಯೇ ಇದೆಯೇ ನೋಡು ಎಂದು ತಮ್ಮ ಮಸ್ಕತ್ತಿನಿಂದ ಅಕ್ಕನಿಗೆ ಹೇಳಿದ. ಪ್ರತಿ ಬಂದ ಮೇಲೆ ಅದನ್ನೂ ಇಂಗ್ಲಿಷಿಗೆ ಮಾಡಿಕೊಡಬೇಕು. ಗಂಡನ ಮನೆಯವರ ಹತ್ತಿರ ಒಪ್ಪಿಗೆ ಪತ್ರದ ಮಾತಾಡಲು ಮಾವನಾಗಿ ನಾನೇ ಹೋಗುವುದು ಎಂದು ತೀರ್ಮಾನವಾಗಿದೆ.